ಕೈಗೆ ಬಾರದ ಲಾಭಕ್ಕೆ ತೆರಿಗೆ: ಪಾಲುದಾರಿಕೆಯಲ್ಲೇ ಉಳಿದ ನನ್ನ ಅನುಭವ

ನಮ್ಮ ಇಬ್ಬರ ಸಣ್ಣ ಸಂಸ್ಥೆಯನ್ನು ಕಂಪನಿಯಾಗಿ ಬದಲಾಯಿಸಲೇಬೇಕೆಂದು ಪರಿಚಿತ ಲೆಕ್ಕಪರಿಶೋಧಕರೆಲ್ಲ ಒತ್ತಾಯಿಸುತ್ತಿದ್ದರು. ನಾವು ಪಾಲುದಾರಿಕೆಯಲ್ಲೇ ಉಳಿದೆವು. ಐದು ವರ್ಷಗಳ ನಂತರ ಆ ನಿರ್ಧಾರ ಸರಿಯಾಗಿತ್ತೆಂದು ಲೆಕ್ಕ ಹಾಕಿ ತೋರಿಸಬಲ್ಲೆ. ಸಂಸ್ಥೆಯ ಲಾಭವನ್ನು ನೇರವಾಗಿ ಪಾಲುದಾರರ ಆದಾಯವೆಂದು ಎಣಿಸುವ ಕಾನೂನಿರುವಲ್ಲಿ ಮಾತ್ರ ಈ ಲೆಕ್ಕ ನಡೆಯುತ್ತದೆ. ಭಾರತದಂತೆ ಪಾಲುದಾರಿಕೆ ಸಂಸ್ಥೆಯೇ ತೆರಿಗೆ ಕಟ್ಟುವ ಕಡೆ ಇದು ಅನ್ವಯಿಸದು.

ಮೊದಲ ವರ್ಷ ಸುಮಾರು 60 ನಷ್ಟವಾಯಿತು (ಒಳ್ಳೆಯ ವರ್ಷದ ಲಾಭವನ್ನು 100 ಎಂದಿಟ್ಟುಕೊಂಡು ಎಲ್ಲ ಅಂಕಿಗಳನ್ನು ನೆನಪಿನಿಂದ ಬರೆಯುತ್ತಿದ್ದೇನೆ). ಇಬ್ಬರೂ ಸಂಸ್ಥೆಯಲ್ಲಿ ದುಡಿಯುತ್ತಿದ್ದೆವು, ಇಬ್ಬರಿಗೂ ಬೇರೆ ಆದಾಯವಿತ್ತು. ಆದ್ದರಿಂದ ತಲಾ 30ರ ನಷ್ಟವನ್ನು ಆ ಆದಾಯದಿಂದ ಕಳೆದುಕೊಂಡೆವು. ನನ್ನ ತೆರಿಗೆ ದರ ಸುಮಾರು ಶೇ. 30, ಪಾಲುದಾರರದು ಶೇ. 40 ಇದ್ದುದರಿಂದ ಒಟ್ಟು 21ರಷ್ಟು ತೆರಿಗೆ ಉಳಿಯಿತು. ಕಂಪನಿಯಾಗಿದ್ದರೆ ಆ ನಷ್ಟ ಕಂಪನಿಯೊಳಗೇ ಉಳಿದು, ಅದಕ್ಕೆ ಲಾಭ ಬರುವ ದಿನಕ್ಕಾಗಿ ಕಾಯಬೇಕಿತ್ತು. ಆದರೆ ಇಂಥ ಕಾನೂನುಗಳಲ್ಲಿ ನಷ್ಟದ ಕಡಿತಕ್ಕೆ ಹಾಕಿದ ಬಂಡವಾಳಕ್ಕೆ ತಕ್ಕ ಮಿತಿಯಿರುವುದುಂಟು. ಇದನ್ನು ತಿಳಿದೇ ನಾನು ವರ್ಷ ಮುಗಿಯುವ ಮೊದಲು ನನ್ನ ಬಂಡವಾಳವನ್ನು ಹೆಚ್ಚಿಸಿದ್ದೆ.

ಎಡವಿದ್ದು ಲಾಭ ಬಂದ ವರ್ಷದಲ್ಲಿ. ಪುಸ್ತಕದಲ್ಲಿ 100 ಲಾಭವಿತ್ತು. ಅದರಲ್ಲಿ 40 ದಾಸ್ತಾನಿನಲ್ಲೂ 30 ಇನ್ನೂ ವಸೂಲಾಗದ ಬಾಕಿಯಲ್ಲೂ ಸಿಕ್ಕಿಕೊಂಡು, ನಗದಾಗಿ 30 ಮಾತ್ರ ಉಳಿದಿತ್ತು. ತೆರಿಗೆ ನಗದನ್ನು ನೋಡುವುದಿಲ್ಲ, ಲಾಭದ ಪಾಲನ್ನು ನೋಡುತ್ತದೆ. ನನ್ನ 50ಕ್ಕೆ 15, ಪಾಲುದಾರರ 50ಕ್ಕೆ 20 ಕಟ್ಟಬೇಕಾಯಿತು. ಇದ್ದ 30ನ್ನು ಸಮನಾಗಿ ಹಂಚಿಕೊಂಡರೂ ಅವರಿಗೆ 5 ಕಡಿಮೆ ಬಿತ್ತು, ಅದನ್ನು ಅವರು ಸಾಲ ತಂದು ಕಟ್ಟಿದರು. ಆ ರಾತ್ರಿ ಅವರ ಮನೆಯ ಮೇಜಿನ ಮೇಲೆ ಲಾಭದ ಹಾಳೆಯೂ ಸಾಲದ ಕಾಗದವೂ ಅಕ್ಕಪಕ್ಕದಲ್ಲಿದ್ದುದು ನನಗೆ ಈಗಲೂ ನೆನಪಿದೆ.

ಮರುವರ್ಷ ಪ್ರತಿಯೊಬ್ಬರ ನಿಜವಾದ ತೆರಿಗೆಯಷ್ಟೇ ಹಣವನ್ನು ಸಂಸ್ಥೆಯಿಂದ ಕೊಟ್ಟು ನೋಡಿದೆವು. ಅದೂ ಕೆಟ್ಟಿತು: ಸಮಪಾಲಿದ್ದರೂ ಅವರ ಬಂಡವಾಳ ಖಾತೆಯಿಂದ ಹೆಚ್ಚು ಹಣ ಹೊರಹೋಗಿ, ಖಾತೆಗಳು ಬೇರೆಬೇರೆಯಾದವು, ಮನಸ್ತಾಪವೂ ಬಂತು. ಕೊನೆಗೆ ಫಲಿಸಿದ್ದು ಪಾಲುದಾರಿಕೆ ಪತ್ರಕ್ಕೆ ಸೇರಿಸಿದ ಒಂದು ಷರತ್ತು. ಇಬ್ಬರಲ್ಲಿ ಹೆಚ್ಚಿನ ದರ ಯಾರದೋ ಆ ದರದಲ್ಲೇ, ಅಂದರೆ ಶೇ. 40ರಲ್ಲಿ, ಇಬ್ಬರಿಗೂ ಪಾಲಿನ ಪ್ರಕಾರ ತಲಾ 20 ಕೊಡಬೇಕು; ಇದನ್ನು ಮುಂದಿನ ಲಾಭ ಹಂಚಿಕೆಯಲ್ಲಿ ಮುರಿದುಕೊಳ್ಳಬೇಕು; ಹಣವನ್ನು ಮುಂಗಡ ತೆರಿಗೆಯ ಗಡುವಿಗೆ ಮೊದಲು ಕೊಡಬೇಕು. ಇದಕ್ಕಾಗಿ ಪ್ರತಿ ತಿಂಗಳ ಅಂದಾಜು ಲಾಭದ ಶೇ. 40ನ್ನು ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕುತ್ತಿದ್ದೆವು.

ಈ ನಡುವೆ, ಕಂಪನಿಯಾಗಿದ್ದರೆ ಏನಾಗುತ್ತಿತ್ತೆಂದು ಮೂರು ವರ್ಷಗಳ ಪುಸ್ತಕವನ್ನು ಪ್ರಯೋಗಕ್ಕಾಗಿ ಮತ್ತೆ ಬರೆದು ನೋಡಿದೆ. ಕಂಪನಿ ತೆರಿಗೆ ಶೇ. 25, ಲಾಭಾಂಶದ ಮೇಲೆ ಶೇ. 20 ಎಂದಿಟ್ಟುಕೊಂಡೆ. 100ರಲ್ಲಿ 25 ಹೋಗಿ 75 ಉಳಿಯುತ್ತದೆ. ಅಷ್ಟನ್ನೂ ಹಂಚಿದರೆ ಇನ್ನೂ 15 ಹೋಗಿ ಕೈಗೆ 60 ಬರುತ್ತದೆ. ನಮ್ಮಿಬ್ಬರ ಸರಾಸರಿ ಶೇ. 35ರಲ್ಲಿ ಪಾಲುದಾರಿಕೆಯಿಂದ 65 ಬರುತ್ತದೆ. ಆದರೆ ಏನನ್ನೂ ಹಂಚದೆ ವ್ಯವಹಾರದಲ್ಲೇ ಬಿಟ್ಟರೆ ಕಂಪನಿಯಲ್ಲಿ 75 ದುಡಿಯುತ್ತದೆ, ನಮ್ಮಲ್ಲಿ 65 ಮಾತ್ರ. ಎರಡೂ ಸಮವಾಗುವುದು 75ರಲ್ಲಿ 50 ಹಂಚಿದಾಗ. ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಹೊರತೆಗೆಯುವವರಿಗೆ ಪಾಲುದಾರಿಕೆ, ಕಡಿಮೆ ತೆಗೆಯುವವರಿಗೆ ಸದ್ಯದ ಮಟ್ಟಿಗೆ ಕಂಪನಿ ಲಾಭಕರ. ‘ಸದ್ಯದ ಮಟ್ಟಿಗೆ’ ಎನ್ನಲು ಕಾರಣವಿದೆ: ಉಳಿಸಿದ ಹಣದ ಎರಡನೇ ತೆರಿಗೆ ಮುಂದೆ ಹೋಗುತ್ತದೆಯೇ ಹೊರತು ಸಾಮಾನ್ಯವಾಗಿ ಮಾಯವಾಗುವುದಿಲ್ಲ. ನಾವು ಹೆಚ್ಚುಕಡಿಮೆ ಎಲ್ಲವನ್ನೂ ಹೊರತೆಗೆಯುವವರಾಗಿದ್ದೆವು.

ಲೆಕ್ಕಪರಿಶೋಧಕರು ಯಾರೂ ಎತ್ತದಿದ್ದ ಅಂಶ ಐದನೇ ವರ್ಷದಲ್ಲಿ, ಪಾಲುದಾರರು ಹೊರಹೋಗಲು ಬಯಸಿದಾಗ, ಎದುರಾಯಿತು. ತೆರಿಗೆ ಕಟ್ಟಿ ಸಂಸ್ಥೆಯಲ್ಲೇ ಬಿಟ್ಟ ಲಾಭವೆಲ್ಲ ಅವರ ಪಾಲಿನ ವೆಚ್ಚಕ್ಕೆ, ಅಂದರೆ ಪಾಲು ಮಾರಿದಾಗ ಬಂದ ಬೆಲೆಯಿಂದ ಕಳೆಯುವ ಮೊತ್ತಕ್ಕೆ, ಸೇರುತ್ತಾ ಬಂದಿತ್ತು. ಆ ವೆಚ್ಚ 70ರಷ್ಟಾಗಿತ್ತು, ಅವರ ಪಾಲಿಗೆ ನಾನು 85 ಕೊಟ್ಟೆ. ಅವರು ತೆರಿಗೆ ಕಟ್ಟಿದ್ದು 15ರ ಮೇಲೆ ಮಾತ್ರ.