2+i ಇಂದ ಗುಣಿಸಿದರೆ ಚುಕ್ಕಿ ಯಾಕೆ ತಿರುಗುತ್ತದೆ? ನಾನು ಹೇಳಿಕೊಡುವ ರೀತಿ

ಫಸ್ಟ್ ಪಿಯುಸಿ ಮಕ್ಕಳಿಗೆ ಕಾಂಪ್ಲೆಕ್ಸ್ ಸಂಖ್ಯೆ ಹೇಳಿಕೊಡುವಾಗ ನಾನು ಸೈನ್, ಕಾಸ್ ಸೂತ್ರಗಳನ್ನು ಮೊದಲಿಗೆ ತರುವುದಿಲ್ಲ. ಅವುಗಳಿಂದ ಉತ್ತರವೇನೋ ಬರುತ್ತದೆ, ಆದರೆ ಗುಣಿಸಿದರೆ ಯಾಕೆ ತಿರುಗಬೇಕು ಅನ್ನುವುದು ಕಣ್ಣಿಗೆ ಬೀಳುವುದಿಲ್ಲ. ಗ್ರಾಫ್ ಶೀಟು, ಸ್ಕೇಲು, ಕೋನಮಾಪಕ ಇದ್ದರೆ ಸಾಕು.

3+i ತಗೊಳ್ಳಿ. ಮೂಲಬಿಂದುವಿನಿಂದ ಬಲಕ್ಕೆ 3 ಮನೆ, ಮೇಲಕ್ಕೆ 1 ಮನೆ. ಇದನ್ನು ಬರೀ 2ರಿಂದ ಗುಣಿಸಿದರೆ 6+2i. ದಿಕ್ಕು ಅದೇ, ದೂರ ಮಾತ್ರ ಎರಡರಷ್ಟು. ಈಗ i ಇಂದ ಗುಣಿಸಿ. 3 ಹೋಗಿ 3i ಆಯಿತು, ಅಂದರೆ ಬಲಕ್ಕಿದ್ದದ್ದು ಮೇಲಕ್ಕೆ ಹೋಯಿತು. i ಹೋಗಿ i², ಅಂದರೆ -1 ಆಯಿತು, ಮೇಲಕ್ಕಿದ್ದದ್ದು ಎಡಕ್ಕೆ ಬಂತು. ಉತ್ತರ -1+3i. ಎರಡೂ ಭಾಗ ಒಂದೇ ಕಡೆಗೆ ಕಾಲು ಸುತ್ತು ತಿರುಗಿವೆ, ಹಾಗಾಗಿ ಇಡೀ ಗೆರೆಯೇ 90° ಎಡಕ್ಕೆ ತಿರುಗಿತು. ಉದ್ದ ಬದಲಾಗಲಿಲ್ಲ.

ಇಷ್ಟು ಗೊತ್ತಾದರೆ 2+i ಸುಲಭ. ಅದರಿಂದ ಗುಣಿಸುವುದು ಅಂದರೆ ಎರಡು ಸಲ 3+i, ಜೊತೆಗೆ ಕಾಲು ಸುತ್ತು ತಿರುಗಿಸಿದ ಒಂದು 3+i. ಮೊದಲು 6+2i ತನಕ ಹೋಗಿ, ಅಲ್ಲಿಂದ ಲಂಬವಾಗಿ ಎಡಕ್ಕೆ ತಿರುಗಿ -1+3i ಅಷ್ಟು ನಡೆಯಿರಿ. ತಲುಪಿದ್ದು 5+5i. ಈಗ ಈ ದಾರಿಯ ಆಕಾರ ನೋಡಿ: ನೇರ ಎರಡು ಪಾಲು, ಲಂಬವಾಗಿ ಒಂದು ಪಾಲು. 2+i ಗುರುತಿಸುವಾಗಲೂ ಬಲಕ್ಕೆ 2, ಮೇಲಕ್ಕೆ 1 ಅಂತ ಇದೇ ಲಂಬಕೋನ ತ್ರಿಭುಜ ಬಂದಿತ್ತು, ಅಲ್ವಾ? ಅದೇ ತ್ರಿಭುಜ ದೊಡ್ಡದಾಗಿ ಈಗ 3+i ಗೆರೆಯ ಮೇಲೆ ಕೂತಿದೆ, ಅದಕ್ಕೇ 2+i ಇರುವ ಕೋನ 3+i ಕೋನಕ್ಕೆ ಕೂಡಿಕೊಳ್ಳುತ್ತದೆ, ಉದ್ದಕ್ಕೆ ಉದ್ದ ಗುಣಿಸಲ್ಪಡುತ್ತದೆ.

ಕೋನಮಾಪಕ ಇಟ್ಟು ನೋಡಿ. 3+i ಸುಮಾರು 18½°, 2+i ಸುಮಾರು 26½°. 5+5i ಸರಿಯಾಗಿ 45°. ಉದ್ದ √10 × √5 = √50. ಈ ಜೋಡಿಯನ್ನು ನಾನು ಬೇಕಂತಲೇ ಆರಿಸಿದ್ದು, ಉತ್ತರ ಚೌಕಗಳ ಕರ್ಣದ ಮೇಲೇ ಬರುವುದರಿಂದ ಅಳೆಯದೇನೇ ಗೊತ್ತಾಗುತ್ತದೆ. 3+i ಬದಲು ಬೇರೆ ಯಾವ ಚುಕ್ಕಿ ಇಟ್ಟರೂ (ಸೊನ್ನೆ ಬಿಟ್ಟು) ದಾರಿ ಇದೇ, ಆದ್ದರಿಂದ ಎಲ್ಲವೂ ಅಷ್ಟೇ ತಿರುಗುತ್ತವೆ, ಅದೂ ಮೂಲಬಿಂದುವಿನ ಸುತ್ತಲೇ.

ಮಕ್ಕಳು ಎಡವುವುದು 1+i ಹತ್ತಿರ. ಅದರ ಕೋನ 45°, ಹಾಗಾದರೆ 1ನ್ನು ಅದರಿಂದ ಎಂಟು ಸಲ ಗುಣಿಸಿದರೆ ಪೂರ್ತಿ ಒಂದು ಸುತ್ತು ಬಂದು ಮತ್ತೆ 1ಕ್ಕೇ ನಿಲ್ಲಬೇಕು ಅಂದುಕೊಳ್ಳುತ್ತಾರೆ. ಗುಣಿಸಿದರೆ 16 ಬರುತ್ತದೆ! ದಿಕ್ಕೇನೋ ಸರಿ, ಆದರೆ 1+i ಉದ್ದ √2, ಪ್ರತಿ ಸಲವೂ ದೂರ ಅಷ್ಟು ಪಟ್ಟು ಜಾಸ್ತಿ ಆಗುತ್ತಾ ಚುಕ್ಕಿ ಸುರುಳಿ ಸುತ್ತಿ ಹೊರಗೆ ಹೋಗುತ್ತದೆ. ಸುಮ್ನೆ ತಿರುಗಿಸಬೇಕಿದ್ದರೆ ಮೊದಲೇ √2ರಿಂದ ಭಾಗಿಸಿ, (1+i)/√2 ಇಂದ ಗುಣಿಸಬೇಕು.