ಫೋನಿನಲ್ಲಿ ಓದುವವರಿಗಾಗಿ ಕಚೇರಿ ಮೇಲ್: ಒಪ್ಪಿಗೆ ಕೇಳುವ ಒಂದು ಪತ್ರವನ್ನು ನಾನು ತಿದ್ದಿದ ಬಗೆ

ನಮ್ಮ ತಂಡದಿಂದ ಹೊರಡುವ ಮೇಲ್‌ಗಳಲ್ಲಿ ಹೆಚ್ಚಿನವು ಮೇಲಧಿಕಾರಿಗಳ ಒಪ್ಪಿಗೆ ಕೇಳುವಂಥವು. ಅವರು ಅವನ್ನು ಒಂದು ಸಭೆಯಿಂದ ಇನ್ನೊಂದಕ್ಕೆ ಹೋಗುವಾಗ ಫೋನಿನಲ್ಲೇ ಓದುತ್ತಾರೆ. ನಾವು ಬರೆಯುವುದು ಮಾತ್ರ ಕಂಪ್ಯೂಟರಿನ ಅಗಲವಾದ ಪರದೆಯಲ್ಲಿ. ಅಲ್ಲಿ ಐದು ಸಾಲಿನಷ್ಟು ಕಾಣುವ ಪ್ಯಾರಾ ಫೋನಿನಲ್ಲಿ ಹದಿನೈದು ಸಾಲಾಗಿ ಪರದೆಯನ್ನು ಬಹುಪಾಲು ತುಂಬಿಬಿಡುತ್ತದೆ. ಕೋರಿಕೆ ಅದರ ಕೊನೆಯಲ್ಲಿದ್ದರೆ, ಬೆರಳಿನಿಂದ ಮೇಲಕ್ಕೆ ಸರಿಸುತ್ತಾ ಹೋದವರಿಗೆ ಮಾತ್ರ ಅದು ಕಾಣುತ್ತದೆ.

ಬಿಲ್ಲಿಂಗ್ ಸಾಫ್ಟ್‌ವೇರನ್ನು ಅಪ್‌ಡೇಟ್ ಮಾಡಲು ಒಂದು ರಾತ್ರಿ ನಿಲ್ಲಿಸಬೇಕಾಗಿದ್ದಾಗ ಸಿದ್ಧವಾದ ಕರಡು ಇದಕ್ಕೆ ಸರಿಯಾದ ಉದಾಹರಣೆ. ಅದು ಹೀಗಿತ್ತು:

ವಿಷಯ: ಕಳೆದ ಸಭೆಯಲ್ಲಿ ಚರ್ಚಿಸಲಾದ ಬಿಲ್ಲಿಂಗ್ ಸಾಫ್ಟ್‌ವೇರ್ ಅಪ್‌ಡೇಟ್ ಕುರಿತು

ಸರ್, ನಮಸ್ಕಾರ. ತಾವು ಕ್ಷೇಮವೆಂದು ಭಾವಿಸುತ್ತೇನೆ. ಕಳೆದ ಸಭೆಯಲ್ಲಿ ಚರ್ಚಿಸಿದಂತೆ ಬಿಲ್ಲಿಂಗ್ ಸಾಫ್ಟ್‌ವೇರಿನ ಈಗಿನ ಆವೃತ್ತಿಗೆ ತಯಾರಕರ ಬೆಂಬಲ ಈ ತಿಂಗಳ ಕೊನೆಗೆ ಮುಗಿಯುವುದರಿಂದ ಹೊಸ ಆವೃತ್ತಿಗೆ ಹೋಗುವುದು ಅನಿವಾರ್ಯವಾಗಿದ್ದು, ಈ ಕೆಲಸಕ್ಕೆ ನಾಲ್ಕು ಗಂಟೆ ಬೇಕಾಗುತ್ತದೆಂದು ಅಂದಾಜಿಸಲಾಗಿದೆ. ಆ ಅವಧಿಯಲ್ಲಿ ಹೊಸ ಬಿಲ್ ಮಾಡಲಾಗದಿದ್ದರೂ ಹಳೆಯ ಬಿಲ್‌ಗಳನ್ನು ನೋಡಬಹುದಾಗಿದ್ದು, ಶನಿವಾರ ರಾತ್ರಿ ಈ ಕೆಲಸ ಕೈಗೊಳ್ಳಲು ತಮ್ಮ ಒಪ್ಪಿಗೆಯನ್ನು ಶೀಘ್ರವಾಗಿ ನೀಡಬೇಕಾಗಿ ವಿನಂತಿ.

ಭಾಷೆಯಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ. ಆದರೆ ಫೋನಿನ ಇನ್‌ಬಾಕ್ಸಿನಲ್ಲಿ ವಿಷಯದ ಸಾಲಿನ ಮೊದಲ ಮೂರು ನಾಲ್ಕು ಪದಗಳು ಮಾತ್ರ ನಿಶ್ಚಯವಾಗಿ ಕಾಣುತ್ತವೆ, ಉಳಿದದ್ದು ಚುಕ್ಕಿಗಳಾಗಿ ಮಾಯವಾಗುತ್ತದೆ. ಅದರ ಕೆಳಗೆ ಮೇಲ್‌ನ ಮೊದಲ ಒಂದೆರಡು ಸಾಲು ಮುನ್ನೋಟವಾಗಿ ಕಾಣುತ್ತದೆ. ಈ ಕರಡಿನಲ್ಲಿ ವಿಷಯದ ಜಾಗದಲ್ಲಿ "ಕಳೆದ ಸಭೆಯಲ್ಲಿ ಚರ್ಚಿಸಲಾದ" ಎಂದೂ, ಮುನ್ನೋಟದಲ್ಲಿ ಕ್ಷೇಮಸಮಾಚಾರವೂ ಬಂದು ಕುಳಿತಿದ್ದವು. ತೆರೆಯದೆ ನೋಡಿದವರಿಗೆ ಇದು ಮಾಹಿತಿಗಾಗಿ ಬಂದ ಮೇಲ್ ಎಂದು ತೋರುತ್ತದೆಯೇ ಹೊರತು, ತಾವು ಏನೋ ಮಾಡಬೇಕಾಗಿದೆ ಎಂದಲ್ಲ.

ತಿದ್ದಿದ ಮೇಲೆ ಅದು ಹೀಗಾಯಿತು:

ವಿಷಯ: ಗುರುವಾರದೊಳಗೆ ಒಪ್ಪಿಗೆ ಬೇಕು: ಬಿಲ್ಲಿಂಗ್ ಅಪ್‌ಡೇಟ್

ಸರ್, ನಮಸ್ಕಾರ.

ಬಿಲ್ಲಿಂಗ್ ಸಾಫ್ಟ್‌ವೇರನ್ನು 14ನೇ ತಾರೀಕು ಶನಿವಾರ ರಾತ್ರಿ 10ರಿಂದ ಭಾನುವಾರ ಬೆಳಗಿನ ಜಾವ 2ರವರೆಗೆ ನಿಲ್ಲಿಸಲು ತಮ್ಮ ಒಪ್ಪಿಗೆ ಬೇಕು. 12ನೇ ತಾರೀಕು ಗುರುವಾರ ಸಂಜೆ 5ರೊಳಗೆ ತಿಳಿಸಬೇಕಾಗಿ ವಿನಂತಿ.

ಈಗಿನ ಆವೃತ್ತಿಗೆ ತಯಾರಕರ ಬೆಂಬಲ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಆದ್ದರಿಂದ ಕೆಲಸವನ್ನು ಮುಂದಿನ ತಿಂಗಳಿಗೆ ಹಾಕಲು ಬರುವುದಿಲ್ಲ.

ಆ ನಾಲ್ಕು ಗಂಟೆಗಳಲ್ಲಿ:
• ಹೊಸ ಬಿಲ್ ಮಾಡಲಾಗುವುದಿಲ್ಲ
• ಹಳೆಯ ಬಿಲ್‌ಗಳನ್ನು ನೋಡಬಹುದು
• ತೊಂದರೆಯಾದರೆ ಹಳೆಯ ಆವೃತ್ತಿಗೆ ಮರಳುತ್ತೇವೆ

"ಸರಿ" ಎಂದಷ್ಟೇ ಉತ್ತರಿಸಿದರೆ ಸಾಕು.

ವಿಷಯದ ಸಾಲಿನಲ್ಲಿ ಗಡುವು ಮತ್ತು ಕೋರಿಕೆ ಮೊದಲು ಬಂದು ಯೋಜನೆಯ ಹೆಸರು ಹಿಂದಕ್ಕೆ ಹೋಯಿತು, ಏಕೆಂದರೆ ಕತ್ತರಿಸಿಹೋದರೂ ನಷ್ಟವಾಗದ ಭಾಗ ಅದೇ. ನಮಸ್ಕಾರವನ್ನು ಉಳಿಸಿಕೊಂಡೆ, ಅದು ಎರಡೇ ಪದ, ಅದರ ಬೆನ್ನಿಗೇ ಬರುವ ಕೋರಿಕೆಯ ಆರಂಭ ಮುನ್ನೋಟದಲ್ಲಿ ಕಾಣುತ್ತದೆ. ಕರಡಿನಲ್ಲಿದ್ದ "ಶೀಘ್ರವಾಗಿ" ಎಂಬ ಪದವನ್ನು ಒಬ್ಬರು ಇಂದೇ ಎಂದೂ ಇನ್ನೊಬ್ಬರು ಈ ವಾರದಲ್ಲಿ ಎಂದೂ ತಿಳಿಯಬಹುದಾದ್ದರಿಂದ ಅದರ ಬದಲು ತಾರೀಕು, ವಾರ, ಗಂಟೆ ಮೂರನ್ನೂ ಬರೆದೆ. ವಾರವನ್ನು ಸೇರಿಸಿದ್ದರಿಂದ ಓದುವವರು ಮೇಲ್ ಬಿಟ್ಟು ಕ್ಯಾಲೆಂಡರ್ ತೆರೆಯಬೇಕಾಗುವುದಿಲ್ಲ. "ರಾತ್ರಿ 2" ಎಂದರೆ ಯಾವ ದಿನದ ರಾತ್ರಿ ಎಂಬ ಗೊಂದಲಕ್ಕೆ ಎಡೆಗೊಡಬಾರದೆಂದೇ ಭಾನುವಾರ ಬೆಳಗಿನ ಜಾವ ಎಂದು ಬಿಡಿಸಿ ಹೇಳಬೇಕಾಯಿತು.

ಬುಲೆಟ್‌ಗಳ ವಿಷಯದಲ್ಲಿ ನಾನು ಸ್ವಲ್ಪ ಜಿಪುಣ. ಪರಿಣಾಮಗಳು ಒಂದರಿಂದೊಂದು ಬೇರೆಯಾದ ಸಂಗತಿಗಳಾದ್ದರಿಂದ ಅವು ಪಟ್ಟಿಗೆ ಹೊಂದುತ್ತವೆ. ಕಾರಣ ಹಾಗಲ್ಲ: ಬೆಂಬಲ ಮುಗಿಯುತ್ತದೆ, ಆದ್ದರಿಂದ ಮುಂದೂಡಲಾಗದು ಎಂಬುದರಲ್ಲಿ ಆ "ಆದ್ದರಿಂದ" ಎಂಬ ಕೊಂಡಿಯೇ ವಾದ, ಎರಡನ್ನೂ ಎರಡು ಚುಕ್ಕಿಗಳಡಿ ಇಟ್ಟರೆ ಕೊಂಡಿ ಕಳಚಿ, ಮುಂದೂಡಬಾರದೇಕೆ ಎಂಬ ಪ್ರಶ್ನೆ ಉತ್ತರವಾಗಿ ಬರುತ್ತದೆ. ಬುಲೆಟ್‌ನೊಳಗೆ ಇನ್ನೊಂದು ಹಂತದ ಬುಲೆಟ್ ಹಾಕುವುದನ್ನು ನಾನು ಬಿಟ್ಟೇಬಿಟ್ಟಿದ್ದೇನೆ, ಪ್ರತಿ ಹಂತವೂ ಎಡಬದಿಯ ಜಾಗವನ್ನು ತಿನ್ನುತ್ತಾ ಹೋಗಿ ಕೊನೆಗೆ ಸಾಲಿಗೆ ಎರಡೇ ಪದ ಉಳಿಯುವಂತಾಗುತ್ತದೆ.

ಓದುವವರು ಒಂದಕ್ಕಿಂತ ಹೆಚ್ಚು ನಿರ್ಧಾರ ತಿಳಿಸಬೇಕಾದಾಗ ಮಾತ್ರ ಚುಕ್ಕಿಗಳ ಬದಲು ಅಂಕಿ ಹಾಕುತ್ತೇನೆ. "1 ಸರಿ, 2 ಬೇಡ" ಎಂದು ಹೆಬ್ಬೆರಳಿನಲ್ಲೇ ಟೈಪ್ ಮಾಡಿ ಮುಗಿಸಬಹುದು. ಚುಕ್ಕಿಗಳಿದ್ದರೆ ಯಾವುದಕ್ಕೆ ಸರಿ ಎಂದರೆಂಬುದನ್ನು ತಿಳಿಯಲು ಮತ್ತೊಂದು ಮೇಲ್ ಬೇಕಾಗುತ್ತದೆ. ಹಲವರಿಗೆ ಒಂದೇ ಮೇಲ್ ಹೋಗುವಾಗ ಪ್ರತಿ ಅಂಶದ ಆರಂಭದಲ್ಲಿ, ಕೆಲಸದ ವಿವರಕ್ಕೂ ಮೊದಲು, ಆ ಕೆಲಸ ಯಾರದೋ ಅವರ ಹೆಸರಿಡುತ್ತೇನೆ. ತಮ್ಮ ಹೆಸರು ಸಾಲಿನ ಮಧ್ಯದಲ್ಲಿದ್ದರೆ, ವೇಗವಾಗಿ ಸರಿಸುತ್ತಿರುವವರ ಕಣ್ಣಿಗೆ ಅದು ಬೀಳುವುದಿಲ್ಲ.

ಇಷ್ಟೆಲ್ಲ ಬರೆದ ಮೇಲೂ ರೂಪ ಕೆಡುವ ಸಂದರ್ಭಗಳಿವೆ. ಕಂಪ್ಯೂಟರಿನಲ್ಲಿ ಸಾಲುಗಳು ಅಂದವಾಗಿ ಕಾಣಲೆಂದು ಪ್ರತಿ ಸಾಲಿನ ಕೊನೆಗೆ ಎಂಟರ್ ಒತ್ತುವ ಅಭ್ಯಾಸ ಕೆಲವರಿಗಿದೆ. ಅಂಥ ಮೇಲ್ ಫೋನಿನಲ್ಲಿ ಒಂದು ಉದ್ದ ಸಾಲು, ಒಂದು ಮೋಟು ಸಾಲು ಎಂಬಂತೆ ಹರಿದು ಕಾಣುತ್ತದೆ. ಬೇರೆ ಕಡತದಿಂದ ನಕಲು ಮಾಡಿ ಅಂಟಿಸಿದ ಪಠ್ಯ ತನ್ನ ಅಕ್ಷರದ ಗಾತ್ರವನ್ನೂ ಬಣ್ಣವನ್ನೂ ಜೊತೆಗೇ ತರುವುದರಿಂದ, ಫೋನು ಕಪ್ಪು ಹಿನ್ನೆಲೆಯಲ್ಲಿದ್ದಾಗ ಕೆಲವು ಸಾಲುಗಳು ಮಸುಕಾಗುವುದುಂಟು. ಹಾಗಾಗಿ ಅಂಟಿಸುವಾಗ ರೂಪವಿಲ್ಲದ ಬರಿಯ ಪಠ್ಯವಾಗಿಯೇ ಅಂಟಿಸಿ, ಬುಲೆಟ್‌ಗಳನ್ನು ಮೇಲ್‌ನಲ್ಲೇ ಹೊಸದಾಗಿ ಹಾಕುತ್ತೇನೆ. ಅಗಲವಾದ ಕೋಷ್ಟಕಗಳು ಒಂದೋ ಪರದೆಯಾಚೆ ಚಾಚುತ್ತವೆ, ಇಲ್ಲವೇ ಓದಲಾಗದಷ್ಟು ಕುಗ್ಗುತ್ತವೆ. ಎರಡು ಕಂಬಸಾಲಿಗಿಂತ ಹೆಚ್ಚಿದ್ದರೆ ಅದನ್ನು ಲಗತ್ತಿಸಿ, ನಿರ್ಧಾರಕ್ಕೆ ಬೇಕಾದ ಒಂದೆರಡು ಅಂಕಿಗಳನ್ನು ಮಾತ್ರ ವಾಕ್ಯವಾಗಿ ಮೇಲ್‌ನಲ್ಲೇ ಬರೆಯುತ್ತೇನೆ, ಏಕೆಂದರೆ ಲಗತ್ತನ್ನು ಫೋನಿನಲ್ಲಿ ತೆರೆಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಬೇರೆಯವರ ಮೇಲ್‌ಗಳ ಸರಣಿಯನ್ನು ಮುಂದಕ್ಕೆ ಕಳಿಸುವಾಗ "ಕೆಳಗಿನ ಮೇಲ್ ನೋಡಿ" ಎಂದು ಬರೆಯುವುದು ಫೋನಿನಲ್ಲಿ ಓದುವವರಿಗೆ ಕೊಡುವ ದೊಡ್ಡ ತೊಂದರೆ. ಅಲ್ಲಿ ಹಳೆಯ ಮಾತುಕತೆಯ ನಡುವೆ ಸಹಿಗಳೂ ಲಾಂಛನಗಳೂ ಎಚ್ಚರಿಕೆಯ ಟಿಪ್ಪಣಿಗಳೂ ತುಂಬಿರುತ್ತವೆ. ಇದುವರೆಗೆ ಏನು ತೀರ್ಮಾನವಾಗಿದೆ, ಈಗ ಏನು ಬೇಕು ಎಂಬುದನ್ನು ನಾಲ್ಕು ಸಾಲಿನಲ್ಲಿ ಮೇಲೆ ಬರೆದು, ವಿಷಯದ ಸಾಲಿನ ಮುಂದೆ ಜಮೆಯಾಗಿರುವ Re: ಮತ್ತು Fwd: ಗಳನ್ನು ಅಳಿಸಿ ಕಳಿಸುತ್ತೇನೆ. ಆದರೆ ಒಂದೇ ಸರಣಿಯಲ್ಲಿ ಉತ್ತರಿಸುವಾಗ ವಿಷಯವನ್ನು ಮುಟ್ಟುವುದಿಲ್ಲ. ಬದಲಿಸಿದರೆ ಕೆಲವು ಮೇಲ್ ವ್ಯವಸ್ಥೆಗಳು ಅದನ್ನು ಹೊಸ ಮಾತುಕತೆಯೆಂದು ಬೇರ್ಪಡಿಸುತ್ತವೆ.

ಮುಖ್ಯವಾದ ಮೇಲ್ ಆದರೆ ಮೊದಲು ನನಗೇ ಕಳಿಸಿಕೊಂಡು ಫೋನನ್ನು ನೆಟ್ಟಗೆ ಹಿಡಿದು ನೋಡುತ್ತೇನೆ. ತೆರೆಯುವ ಮೊದಲು ಇನ್‌ಬಾಕ್ಸಿನಲ್ಲೇ ಕೋರಿಕೆ ತಿಳಿಯುತ್ತದೆಯೇ, ತೆರೆದ ಮೇಲೆ ಬೆರಳು ಸರಿಸದೆಯೇ ಗಡುವು ಕಾಣುತ್ತದೆಯೇ ಎಂಬ ಎರಡನ್ನು ಮಾತ್ರ ಪರೀಕ್ಷಿಸುತ್ತೇನೆ. ಎರಡನೆಯದು ತಪ್ಪಿದ್ದರೆ ಹೆಚ್ಚಾಗಿ ಕೋರಿಕೆಗೂ ಮುಂಚೆ ಹಿನ್ನೆಲೆಯ ಒಂದು ವಾಕ್ಯ ನುಸುಳಿರುತ್ತದೆ.

ಈ ಕ್ರಮವನ್ನು ನಾನು ಎಲ್ಲ ಮೇಲ್‌ಗೂ ಹಾಕುವುದಿಲ್ಲ. ಸಹೋದ್ಯೋಗಿಯೊಬ್ಬರ ರಜೆಯನ್ನು ನಿರಾಕರಿಸಬೇಕಾದಾಗ ನಿರಾಕರಣೆ ಮುನ್ನೋಟದಲ್ಲೇ, ಬಹುಶಃ ಪಕ್ಕದಲ್ಲಿ ಕುಳಿತವರಿಗೂ ಕಾಣುವಂತೆ, ಮಿನುಗುವುದು ಸರಿಯಲ್ಲ. ಅಂಥಲ್ಲಿ ಮೊದಲು ಫೋನ್ ಮಾಡಿ ಮಾತನಾಡುತ್ತೇನೆ, ಆಮೇಲೆ ದಾಖಲೆಗಾಗಿ ಬುಲೆಟ್ ಇಲ್ಲದ, ಎರಡು ಪ್ಯಾರಾದ ಮೇಲ್ ಬರೆಯುತ್ತೇನೆ.