“ಬ್ಯಾಳಿ ಕುದಿವಲ್ದು” ಅಂತ ನಮ್ಮವರೇ ಸ್ಟೇಟಸ್ ಹಾಕಿದಾಗ

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್‌ನಲ್ಲಿ ನಾನು ಮಾರ್ಕೆಟಿಂಗ್ ನೋಡಿಕೊಳ್ಳುತ್ತೇನೆ. ನಮ್ಮದೇ ಹೆಸರಿನ ಪ್ಯಾಕೆಟ್ ತೊಗರಿ ಬೇಳೆ ಇದೆ. ಕೆಲಸಕ್ಕೆ 40 ಜನ, ಹೆಚ್ಚುಕಡಿಮೆ ಎಲ್ಲರೂ ದಿನಾ ವಾಟ್ಸಾಪ್ ಸ್ಟೇಟಸ್ ಹಾಕುವವರು. ಇವರೇ ನಮ್ಮ ಬೇಳೆ ಬಗ್ಗೆ ಮಾತಾಡಿದರೆ ಹೇಗೆ ಅಂತ ತಲೆಗೆ ಬಂತು.

ಮೊದಲ ಸಲ ನಾನೇ ಕೆಡಿಸಿದೆ. ಪೋಸ್ಟರ್ ಮಾಡಿಸಿ, ನಾಲ್ಕು ಸಾಲು ಬರೆದು, ಗ್ರೂಪ್‌ಗೆ ಹಾಕಿ “ಎಲ್ಲರೂ ಶೇರ್ ಮಾಡಿ” ಅಂದೆ. ಹತ್ತು ಗಂಟೆಗೆ ನೋಡಿದರೆ ಎಲ್ಲರ ಸ್ಟೇಟಸ್‌ನಲ್ಲೂ ಅದೇ ಪೋಸ್ಟರ್, ಅದೇ ಮಾತು. ನಮ್ಮ ಡ್ರೈವರ್‌ನ ಭಾವ “ಹಾಕ್ಲಿಲ್ಲಂದ್ರ ಪಗಾರ ಕಟ್ ಮಾಡ್ತಾರೇನೋ?” ಅಂತ ಕೇಳಿದನಂತೆ. ಇನ್ನೊಂದು ಕಡೆ ಆಫೀಸಿನ ಹುಡುಗರು ಉತ್ಸಾಹದಲ್ಲಿ ಗೂಗಲ್ ಮ್ಯಾಪ್‌ನಲ್ಲಿ ನಮ್ಮ ಅಂಗಡಿಗೆ ಐದೈದು ಸ್ಟಾರ್ ಕೊಟ್ಟುಬಿಟ್ಟಿದ್ದರು. ತಾನು ಕೆಲಸ ಮಾಡುವ ಜಾಗಕ್ಕೆ ತಾನೇ ರಿವ್ಯೂ ಬರೆಯುವುದನ್ನು ಗೂಗಲ್ ಒಪ್ಪುವುದಿಲ್ಲ. ಹುಡುಗರನ್ನು ಕೂಡಿಸಿ ಹೇಳಿ ಆ ರಿವ್ಯೂಗಳನ್ನು ತೆಗೆಸಿದೆ.

ಎರಡನೇ ಸಲ ಪೋಸ್ಟರ್ ಬಿಟ್ಟೆ. ಮನಸ್ಸಿದ್ದವರು ಬರಲಿ ಅಂದೆ. 11 ಜನ ಬಂದರು. ವಾರಕ್ಕೆ ಇಷ್ಟು ಅಂತ ಲೆಕ್ಕ ಇಲ್ಲ, ಹಾಕಿದ್ದಕ್ಕೆ ದುಡ್ಡೂ ಇಲ್ಲ. ದುಡ್ಡು ಬಂತೆಂದರೆ ಅದು ಜಾಹೀರಾತೇ ಆಗುತ್ತದೆ, ಅಲ್ವಾ? “ನಾನು ಇಲ್ಲೇ ಕೆಲಸ ಮಾಡ್ತೀನಿ” ಅಂತ ಪೋಸ್ಟ್‌ನಲ್ಲೇ ಹೇಳಬೇಕು. ಇದು ನನ್ನ ಹುಚ್ಚು ಅಲ್ಲ. ಕೇಂದ್ರ ಸರ್ಕಾರ 2022ರಲ್ಲಿ ತಂದ ಜಾಹೀರಾತು ಮಾರ್ಗಸೂಚಿ ಪ್ರಕಾರ, ಹೊಗಳುವವರಿಗೂ ಕಂಪನಿಗೂ ಇರುವ ಸಂಬಂಧವನ್ನು ಮುಚ್ಚಿಡುವ ಹಾಗಿಲ್ಲ. ಖರೀದಿ ರೇಟು, ಪಾರ್ಟಿಗಳ ಹೆಸರು ಹೊರಗೆ ಹೋಗಬಾರದು. “ಶುಗರ್‌ಗೆ ಒಳ್ಳೇದು” ಅನ್ನುವಂಥ ಮಾತು ಬೇಡವೇ ಬೇಡ. ಉಳಿದದ್ದು ಅವರಿಷ್ಟ. ಬೈದರೂ ಸರಿ ಅಂತ ಧೈರ್ಯವಾಗಿ ಹೇಳಿದೆ. ಆ ಮಾತಿನ ಪರೀಕ್ಷೆ ಮೂರೇ ವಾರದಲ್ಲಿ ಆಯಿತು.

ಪ್ಯಾಕಿಂಗ್‌ನಲ್ಲಿರುವ ಒಬ್ಬ ಹೆಣ್ಮಗಳು ತಮ್ಮ ಮನೆಯ ಕುಕ್ಕರ್ ತೆರೆದ ಫೋಟೋ ಹಾಕಿ ಬರೆದಿದ್ದರು: “ನಾನೇ ಪ್ಯಾಕ್ ಮಾಡಿದ ಬ್ಯಾಳಿ. ಐದು ಸೀಟಿ ಆದ್ರೂ ಕುದಿವಲ್ದು.” ಫೋಟೋದಲ್ಲಿ ಬೇಳೆ ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಮಿಲ್ ಸಾವ್ಕಾರರಿಗೆ ಯಾರೋ ತೋರಿಸಿದರು. “ಮೊದ್ಲು ಡಿಲೀಟ್ ಮಾಡಸ್ರಿ” ಅಂದರು. ಡಿಲೀಟ್ ಮಾಡಿಸಿದರೆ ಉಳಿದ ಹತ್ತು ಜನ ನಾಳೆಯಿಂದ ಬಾಯಿ ತೆರೆಯುವುದಿಲ್ಲ, ತೆರೆದರೂ ಸುಮ್ನೆ ಹೊಗಳುತ್ತಾರೆ ಅಂದೆ. ಒಂದು ದಿನ ಕೊಡಿ ಅಂತ ಕೇಳಿಕೊಂಡೆ.

ಮರುದಿನ ಮಧ್ಯಾಹ್ನ ಕ್ಯಾಂಟೀನ್‌ನಲ್ಲಿ ಅದೇ ಹೆಣ್ಮಗಳ ಕೈಲಿ ಎರಡು ಕುಕ್ಕರ್ ಇಡಿಸಿದೆವು. ಅವರ ಮನೆಯ ಅದೇ ಪ್ಯಾಕೆಟ್ ಬೇಳೆ, ಎರಡಕ್ಕೂ ಒಂದೊಂದು ಲೋಟ. ಒಂದಕ್ಕೆ ಅವರ ಓಣಿಯ ಬೋರ್ ನೀರು, ಇನ್ನೊಂದಕ್ಕೆ ಫಿಲ್ಟರ್ ನೀರು. ನಾಲ್ಕು ಸೀಟಿ. ಬೋರ್ ನೀರಿನದು ಸೌಟಿಗೆ ಕಾಳುಕಾಳಾಗಿಯೇ ಸಿಕ್ಕಿತು. ಬೋರಿನ ಗಡಸು ನೀರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯೊಳಗಿನ ಅಂಟನ್ನು ಬಿಗಿ ಹಿಡಿಯುತ್ತವೆ. ಅದಕ್ಕೇ ಬೇಗ ಮೆತ್ತಗಾಗುವುದಿಲ್ಲ.

ಸಾವ್ಕಾರರ ಮುಖ ಅರಳಿತು. ಆದರೆ ಫಿಲ್ಟರ್ ನೀರಿನದೂ ಬೆಣ್ಣೆ ಹಾಗೇನೂ ಆಗಿರಲಿಲ್ಲ. ಮತ್ತೊಂದು ಸೀಟಿ ಬೇಕಾಯಿತು. ಬ್ಯಾಚ್ ನಂಬರ್ ನೋಡಿದರೆ ಹಿಂದಿನ ವರ್ಷದ ತೊಗರಿ. ಹಳೇದಾದಷ್ಟೂ ಕಾಳು ಬೇಯಲು ಜಾಸ್ತಿ ಹೊತ್ತು ತಗೊಳ್ಳುತ್ತದೆ. ಆ ಅರ್ಧ ತಪ್ಪು ನಮ್ಮದೇ.

“ಇದನ್ನೂ ಹಾಕ್ಲೇನ್ರಿ?” ಅಂತ ಆ ಹೆಣ್ಮಗಳು ಕೇಳಿದರು. ಸಾವ್ಕಾರರು ಬಹಳ ಹೊತ್ತು ಸುಮ್ಮನಿದ್ದು, “ಹಾಕವ್ವ” ಅಂದರು. ಎರಡು ಕುಕ್ಕರ್ ಪಕ್ಕಪಕ್ಕ ಇಟ್ಟು ಆ ಹೆಣ್ಮಗಳೇ ವಿಡಿಯೋ ಮಾಡಿದರು. ನೀರಿನ ಮಾತೂ ಇತ್ತು, ಹಳೇ ಮಾಲಿನ ಮಾತೂ ಇತ್ತು. ನಾನು ಒಂದು ಅಕ್ಷರ ತಿದ್ದಲಿಲ್ಲ. ತಿದ್ದಿದ್ದರೆ “ಕುದಿವಲ್ದು” ಹೋಗಿ “ಬೇಯುತ್ತಿಲ್ಲ” ಆಗುತ್ತಿತ್ತು. ನಮ್ಮ ಕಡೆ ಹಾಗೆ ಯಾರು ಮಾತಾಡುತ್ತಾರೆ?

ಎಷ್ಟು ಜನ ನೋಡಿದರು ಅಂತ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಸ್ಟೇಟಸ್ ನೋಡಿದವರ ಪಟ್ಟಿ ಹಾಕಿದವರಿಗೆ ಮಾತ್ರ ಕಾಣುತ್ತದೆ, 24 ತಾಸಿಗೆ ಅದೂ ಹೋಗುತ್ತದೆ. ಸ್ಕ್ರೀನ್‌ಶಾಟ್ ಕೇಳಿದರೆ ಮತ್ತೆ ಹಾಜರಿ ತೆಗೆದುಕೊಂಡ ಹಾಗಾಗುತ್ತದೆ. ಅದಕ್ಕೆ ನಮ್ಮ ಅಂಗಡಿಯ ಕೌಂಟರ್‌ನಲ್ಲಿ ಒಂದು ನೋಟ್‌ಬುಕ್ ಇಟ್ಟೆ. ಬಂದವರು ಏನು ಕೇಳಿದರು ಅಂತ ಅಷ್ಟೇ ಬರೆಯುವುದು. ಮೊದಲೆಲ್ಲ “ಎಷ್ಟ್ರಿ ಕೆಜಿ?” ಒಂದೇ ಪ್ರಶ್ನೆ. ವಿಡಿಯೋ ಆದಮೇಲೆ “ಈ ವರ್ಷದ್ದಾ, ಹೋದ ವರ್ಷದ್ದಾ?” ಅನ್ನುವುದು ಬರತೊಡಗಿತು. ಈಗ ಪ್ಯಾಕೆಟ್ ಮೇಲೆ ತೊಗರಿಯ ಸುಗ್ಗಿ ವರ್ಷ ಛಾಪಿಸುತ್ತೇವೆ. ಅದಕ್ಕೆ ಬೀದರ್ ಕಡೆಯ ಒಬ್ಬ ಡೀಲರ್ ಇನ್ನೂ ನನ್ನ ಮೇಲೆ ಸಿಟ್ಟಾಗಿದ್ದಾರೆ. ಅವರ ಗೋಡೌನ್‌ನಲ್ಲಿ ಹೋದ ವರ್ಷದ ಮಾಲು ಹಾಗೇ ಕೂತಿದೆ.